ತಪ್ಪು ಗುರುತಿನ ಟ್ರಾನ್ಸಿಸ್ಟರ್‌ಗಳ ಬಗ್ಗೆ ದೂರು ಪತ್ರ

ಇವರಿಂದ:
ಪ್ರಯೋಗಾಲಯದ ಉಸ್ತುವಾರಿ ಉಪನ್ಯಾಸಕ
ಎಲೆಕ್ಟ್ರಾನಿಕ್ಸ್ ವಿಭಾಗ, ಪದವಿ ಕಾಲೇಜು
ಸಾಗರ, ಶಿವಮೊಗ್ಗ ಜಿಲ್ಲೆ

ಇವರಿಗೆ:
ಮಾಲೀಕರು
ಎಲೆಕ್ಟ್ರಾನಿಕ್ ಬಿಡಿಭಾಗಗಳ ಸಗಟು ಮಾರಾಟ ಮಳಿಗೆ
ಬೆಂಗಳೂರು

ದಿನಾಂಕ: 14 ಜುಲೈ 2025

ವಿಷಯ: ಬಿಸಿ547ಬಿ ಎಂದು ಕಳಿಸಿದ 500 ಟ್ರಾನ್ಸಿಸ್ಟರ್‌ಗಳಲ್ಲಿ 200 ಬೇರೆಯವು ಇರುವ ಬಗ್ಗೆ
ಉಲ್ಲೇಖ: ನಿಮ್ಮ ಬಿಲ್ ಸಂಖ್ಯೆ 1147, ದಿನಾಂಕ 30 ಜೂನ್ 2025

ಮಾನ್ಯರೇ,

ಮೇಲಿನ ಬಿಲ್ಲಿನ ಸರಕು ಜುಲೈ 4ರಂದು ಕೊರಿಯರ್‌ನಲ್ಲಿ ನಮಗೆ ತಲುಪಿತು. ನೂರು ನೂರರ ಐದು ಪ್ಯಾಕೆಟ್, ಐದರ ಮೇಲೂ ಬಿಸಿ547ಬಿ ಎಂಬ ಚೀಟಿ. ಎಣಿಕೆ ಸರಿಯಿತ್ತು, ಸ್ಟಾಕ್ ರಿಜಿಸ್ಟರಿಗೆ ಹತ್ತಿಸಿಕೊಂಡೆವು. ಪ್ಯಾಕೆಟ್‌ಗಳಿಗೆ ಮಾರ್ಕರ್‌ನಲ್ಲಿ 1ರಿಂದ 5ರವರೆಗೆ ಸಂಖ್ಯೆ ಹಾಕಿದ್ದು ನಾವೇ. ಈ ಪತ್ರದುದ್ದಕ್ಕೂ ಅದೇ ಸಂಖ್ಯೆ ಬಳಸುತ್ತೇನೆ.

ಜುಲೈ 9ರಂದು ಕಾಮನ್ ಎಮಿಟರ್ ಆಂಪ್ಲಿಫೈಯರ್ ಪ್ರಯೋಗವಿತ್ತು. ಹನ್ನೆರಡು ಟೇಬಲ್‌ಗಳಲ್ಲಿ ನಾಲ್ಕರಲ್ಲಿ ಔಟ್‌ಪುಟ್ ಬರಲೇ ಇಲ್ಲ. ಸರ್ಕ್ಯೂಟ್ ನಾವು ವರ್ಷಗಳಿಂದ ಮಾಡಿಸುತ್ತಿರುವುದೇ: 12 ವೋಲ್ಟ್ ಸಪ್ಲೈ, ಬೇಸ್‌ಗೆ 47ಕೆ ಮತ್ತು 10ಕೆ, ಕಲೆಕ್ಟರ್‌ಗೆ 2.2ಕೆ, ಎಮಿಟರ್‌ಗೆ 1ಕೆ. ಬೇಸ್‌ನಲ್ಲಿ ಸುಮಾರು 2.1 ವೋಲ್ಟ್, ಕಲೆಕ್ಟರ್‌ನಲ್ಲಿ ಸುಮಾರು 8.8 ವೋಲ್ಟ್ ಬರಬೇಕು. ಏಳನೇ ಟೇಬಲಿನ ವಿದ್ಯಾರ್ಥಿನಿಯ ಬೋರ್ಡಿನಲ್ಲಿ ಬೇಸ್ 5.7, ಕಲೆಕ್ಟರ್ 6.3 ತೋರಿಸಿತು. ರೆಸಿಸ್ಟರಿನ ಬಣ್ಣ ತಪ್ಪಾಗಿ ಓದಿರಬೇಕು, ಮೊದಲಿಂದ ಕಟ್ಟು ಎಂದೆ. ಕಟ್ಟಿದಳು. ಅದೇ ಅಂಕಿ. ಬ್ರೆಡ್‌ಬೋರ್ಡ್ ಬದಲಿಸಿ ಮತ್ತೊಮ್ಮೆ ಕಟ್ಟಿದಳು, ಮತ್ತೆ ಅದೇ. ಮೂರನೇ ಸಲಕ್ಕೆ ನಾನು ಸ್ವಲ್ಪ ಗಟ್ಟಿಯಾಗಿಯೇ, 'ಗಮನ ಎಲ್ಲಿದೆಯಮ್ಮಾ?' ಎಂದುಬಿಟ್ಟೆ. ಹೊಸನಗರದ ಕಡೆಯ ಹಳ್ಳಿಯಿಂದ ಬರುವ ಹುಡುಗಿ, ನಾಲ್ಕೂವರೆಯ ಬಸ್ ತಪ್ಪಿದರೆ ಮನೆ ಸೇರುವಾಗ ಕತ್ತಲಾಗುತ್ತದೆ. ರೆಕಾರ್ಡ್ ಪುಸ್ತಕದಲ್ಲಿ 'ಔಟ್‌ಪುಟ್ ಬಂದಿಲ್ಲ' ಎಂದು ಬರೆದು ತಲೆ ತಗ್ಗಿಸಿಕೊಂಡು ಹೋದಳು.

ಅವಳು ಹೋದ ಮೇಲೆ ಆ ಅಂಕಿಗಳನ್ನು ಮತ್ತೆ ನೋಡಿದೆ. ಕಲೆಕ್ಟರ್ ಬೇಸ್‌ಗಿಂತ ಸರಿಯಾಗಿ 0.6 ವೋಲ್ಟ್ ಮೇಲಿದೆ. ಎನ್‌ಪಿಎನ್ ಟ್ರಾನ್ಸಿಸ್ಟರ್ ಹಾಕಿದ ಈ ಸರ್ಕ್ಯೂಟಿನಲ್ಲಿ ಬೇಸ್ 5.7ಕ್ಕೆ ಏರುವುದು ಸಾಧ್ಯವಿಲ್ಲ. ಪಿಎನ್‌ಪಿ ಹಾಕಿದ್ದರೆ ಕಲೆಕ್ಟರ್-ಬೇಸ್ ಜಂಕ್ಷನ್ ಫಾರ್ವರ್ಡ್ ಆಗಿ ಸಪ್ಲೈನ ಕರೆಂಟ್ 2.2ಕೆ ಮೂಲಕ ಬೇಸಿಗೇ ಇಳಿಯುತ್ತದೆ, ಬೇಸಿನ ವೋಲ್ಟೇಜ್ ಮೇಲೇರುತ್ತದೆ. ಅವಳು ಬರೆದುಕೊಂಡ ಅಂಕಿಯಲ್ಲಿ ಒಂದು ಕೂಡ ತಪ್ಪಿರಲಿಲ್ಲ. ತಪ್ಪಿದ್ದದ್ದು ನಾನು ಅವಳ ಕೈಗೆ ಕೊಟ್ಟ ಬಿಡಿಭಾಗದಲ್ಲಿ.

ಮರುದಿನದಿಂದ ಮೂರು ಸಂಜೆ ನಾನು ಮತ್ತು ನಮ್ಮ ಇಬ್ಬರು ಸಹಾಯಕರು ಕೂತು ಐನೂರನ್ನೂ ಒಂದೊಂದಾಗಿ ಪರೀಕ್ಷಿಸಿದೆವು. 1, 2 ಮತ್ತು 5ನೇ ಪ್ಯಾಕೆಟ್‌ಗಳ ಬಗ್ಗೆ ನಮ್ಮ ದೂರಿಲ್ಲ. ಗೇನ್ 210ರಿಂದ 340ರೊಳಗೆ ಬಂತು. ಬಿ ಗುಂಪಿಗೆ ಡೇಟಾಶೀಟ್ ಹೇಳುವುದು 200ರಿಂದ 450, ಹಾಗಾಗಿ ಅವು ಒಳ್ಳೆಯ ಸರಕೇ.

3ನೇ ಪ್ಯಾಕೆಟ್ಟಿನ ನೂರಕ್ಕೆ ನೂರೂ ಪಿಎನ್‌ಪಿ. ಮಲ್ಟಿಮೀಟರಿನ ಡಯೋಡ್ ಟೆಸ್ಟಿನಲ್ಲಿ ಕೆಂಪು ಮೊನೆ ನಡುವಿನ ಕಾಲಿಗಿಟ್ಟರೆ ಏನೂ ಬರುವುದಿಲ್ಲ, ಕಪ್ಪು ಮೊನೆ ಇಟ್ಟರೆ ಎರಡೂ ಕಡೆ 0.65ರ ಆಸುಪಾಸು ಬರುತ್ತದೆ. ಲೆನ್ಸ್ ಹಿಡಿದು ನೋಡಿದರೆ ಮೈಮೇಲೆ ಸಿ557ಬಿ ಎಂದೇ ಇದೆ. ಅಂದರೆ ಚೀಟಿ ತಪ್ಪು, ವಸ್ತು ಅಸಲಿ. 547 ಮತ್ತು 557ರ ವ್ಯತ್ಯಾಸ ಆ ಸಣ್ಣ ಅಕ್ಷರದಲ್ಲಿ ಬರಿಗಣ್ಣಿಗೆ ಸುಲಭವಾಗಿ ಕಾಣದು. ನಾವೂ ಚೀಟಿ ನಂಬಿ, ಬಿಡಿಸಿ ನೋಡದೆ ಹಂಚಿದೆವು, ಆ ಮಟ್ಟಿಗೆ ತಪ್ಪು ನಮ್ಮದೂ ಹೌದು. ನಿಮ್ಮಲ್ಲಿ ಡಬ್ಬದಿಂದ ಅಳೆದು ಕವರಿಗೆ ತುಂಬುವವರ ಕೈ ಪಕ್ಕದ ಡಬ್ಬಕ್ಕೆ ಹೋಗಿರಬಹುದು. ಇದನ್ನು ಕೈತಪ್ಪು ಎಂದು ಒಪ್ಪಿಕೊಳ್ಳಲು ನನಗೆ ಕಷ್ಟವಿಲ್ಲ.

4ನೇ ಪ್ಯಾಕೆಟ್ ಹಾಗಲ್ಲ, ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕಾಗಿ. ಅವು ಎನ್‌ಪಿಎನ್ ಹೌದು, ಮೈಮೇಲೆ ಬಿಸಿ547ಬಿ ಎಂದೂ ಇದೆ. ಆದರೆ ಮೀಟರಿನ ಗೇನ್ ಸಾಕೆಟ್ಟಿಗೆ ಹಾಕಿದರೆ 3ರಿಂದ 9. ಮೊದಲು ಸತ್ತ ಮಾಲು ಎಂದುಕೊಂಡೆವು. ಸಹಾಯಕರೊಬ್ಬರು ಒಂದನ್ನು ತಿರುಗಿಸಿ ಹಾಕಿದಾಗ 190 ಬಂತು. ಎಲ್ಲವನ್ನೂ ತಿರುಗಿಸಿ ನೋಡಿದೆವು: 160ರಿಂದ 240. ಬಿಸಿ547ರ ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲು ಕೆಳಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಇವುಗಳಲ್ಲಿ ಎಡಗಾಲು ಎಮಿಟರ್, ಬಲಗಾಲು ಕಲೆಕ್ಟರ್. ಡಯೋಡ್ ಟೆಸ್ಟ್ ಕೂಡ ಅದನ್ನೇ ಹೇಳುತ್ತದೆ: ಎಡಗಾಲಿನ ಕಡೆ 0.672, ಬಲಗಾಲಿನ ಕಡೆ 0.665, ಎಮಿಟರ್ ಕಡೆಯ ಓದು ಯಾವಾಗಲೂ ಕೂದಲೆಳೆಯಷ್ಟು ಹೆಚ್ಚು. ಈ ಕಾಲಿನ ಕ್ರಮ 2ಎನ್3904ನಂಥವುಗಳದ್ದು. ಅವು ಅದೇ ಎಂದು ನಾನು ಹೇಳುತ್ತಿಲ್ಲ, ಬಿಸಿ547 ಅಲ್ಲ ಎಂದಷ್ಟೇ ಖಚಿತವಾಗಿ ಹೇಳುತ್ತಿದ್ದೇನೆ.

ಇನ್ನೊಂದು ಸಂಗತಿ. 1ನೇ ಪ್ಯಾಕೆಟ್ಟಿನ ಟ್ರಾನ್ಸಿಸ್ಟರಿನ ಮೇಲಿನ ಅಕ್ಷರ ಮೈಯೊಳಗೆ ಕೊರೆದಂತಿದೆ. ಅಸಿಟೋನ್ ಅದ್ದಿದ ಹತ್ತಿಯಿಂದ ಎಷ್ಟು ಉಜ್ಜಿದರೂ ಹೋಗಲಿಲ್ಲ. 4ನೇ ಪ್ಯಾಕೆಟ್ಟಿನದು ಎರಡೇ ಉಜ್ಜಿಗೆ ಬಿಳಿ ಬಣ್ಣವಾಗಿ ಹತ್ತಿಗೆ ಬಂತು. ಕೆಳಗೆ ಮರಳು ಕಾಗದ ಎಳೆದಂಥ ಅಡ್ಡ ಗೀರುಗಳಿವೆ. ಹತ್ತು ತುಂಡು ಉಜ್ಜಿದೆವು, ಹತ್ತರಲ್ಲೂ ಇದೇ. ಪ್ಯಾಕೆಟ್ ತುಂಬುವವರ ಕೈ ತಪ್ಪಿದರೆ ಹೀಗಾಗುವುದಿಲ್ಲ. ಯಾರೋ ಹಳೆಯ ಹೆಸರು ಕೆರೆದು ಹೊಸ ಹೆಸರು ಅಚ್ಚು ಹಾಕಿದ್ದಾರೆ. ನೀವೇ ಮಾಡಿದಿರಿ ಎಂದು ನಾನು ಹೇಳುವುದಿಲ್ಲ, ನಿಮಗೂ ಹಿಂದಿನವರು ಹೀಗೆಯೇ ಕೊಟ್ಟಿರಬಹುದು. ಆದರೆ ಆ ಲಾಟ್ ಎಲ್ಲಿಂದ ಬಂತು ಎಂದು ಹುಡುಕುವ ಹೊಣೆ ನಿಮ್ಮದು.

ಜುಲೈ 11ರಂದು ನಿಮ್ಮ ಅಂಗಡಿಗೆ ಫೋನ್ ಮಾಡಿದಾಗ ಎತ್ತಿದವರು, 'ಕನೆಕ್ಷನ್ ತಪ್ಪಿರುತ್ತೆ ಸಾರ್, ಇಲ್ಲಾಂದ್ರೆ ನಿಮ್ಮ ಕಡೆ ಮಳೆ ಥಂಡಿಗೆ ಮಾಲು ಹೋಗಿರುತ್ತೆ' ಎಂದರು. ಆಷಾಢದ ಮಳೆ ಇಲ್ಲಿ ಬಿಡುವಿಲ್ಲದೆ ಹೊಯ್ಯುತ್ತಿದೆ, ನಿಜ. ಅದಕ್ಕಾಗಿಯೇ ನಮ್ಮ ಬಿಡಿಭಾಗಗಳೆಲ್ಲ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬದಲ್ಲಿರುತ್ತವೆ. ಥಂಡಿಗೆ ಕಾಲು ಕಪ್ಪಾಗಬಹುದು, ಬೆಸುಗೆ ಹಿಡಿಯದಿರಬಹುದು. ಆದರೆ ಎನ್‌ಪಿಎನ್ ಪಿಎನ್‌ಪಿ ಆಗುವುದಿಲ್ಲ, ಕಲೆಕ್ಟರ್ ಎಡದಿಂದ ಬಲಕ್ಕೆ ಹೋಗುವುದಿಲ್ಲ. ಪರೀಕ್ಷಿಸಿ ಹೇಳಿದ ಮಾತಿಗೆ ಇಂಥ ಉತ್ತರ ಬಂದದ್ದು ನನಗೆ ಸರಕಿಗಿಂತ ಹೆಚ್ಚು ಬೇಸರ ತಂದಿತು.

ಎರಡು ರೂಪಾಯಿಯ ವಸ್ತುವಿಗೆ ಇಷ್ಟು ದೊಡ್ಡ ಪತ್ರವೇ ಎಂದು ನಿಮಗನ್ನಿಸಬಹುದು. ಉದ್ಯಮದಲ್ಲಿರುವವರು ಬಂದ ಮಾಲನ್ನು ಪರೀಕ್ಷಿಸಿ ತಿರಸ್ಕರಿಸುತ್ತಾರೆ. ವಿದ್ಯಾರ್ಥಿಗೆ ಆ ಅನುಕೂಲವಿಲ್ಲ. ಟ್ರಾನ್ಸಿಸ್ಟರನ್ನು ಮೊದಲ ಸಲ ಕೈಯಲ್ಲಿ ಹಿಡಿದವರಿಗೆ ಅದರ ಮೇಲಿನ ಹೆಸರು ಮತ್ತು ಪುಸ್ತಕದ ಚಿತ್ರ ಬಿಟ್ಟರೆ ಬೇರೆ ಆಧಾರವಿಲ್ಲ. ಹೆಸರೇ ಸುಳ್ಳಾದರೆ ಅವರು ಅನುಮಾನಿಸುವುದು ವಸ್ತುವನ್ನಲ್ಲ, ತಮ್ಮನ್ನು. ಇದಲ್ಲದೆ, ಕಾಲು ಅದಲುಬದಲಾದ ಟ್ರಾನ್ಸಿಸ್ಟರನ್ನು 12 ವೋಲ್ಟಿನ ಈ ಸರ್ಕ್ಯೂಟಿಗೆ ಹಾಕಿದರೆ ಎಮಿಟರ್-ಬೇಸ್ ಜಂಕ್ಷನ್ನಿಗೆ ಅದರ ಮಿತಿಯಾದ 6 ವೋಲ್ಟನ್ನು ಮೀರಿದ ರಿವರ್ಸ್ ವೋಲ್ಟೇಜ್ ಬಿದ್ದು ಬ್ರೇಕ್‌ಡೌನ್ ಆಗುತ್ತದೆ, ಅದರ ಗೇನ್ ಮುಂದೆಂದೂ ಮೊದಲಿನಂತಿರದೆ ಹೋಗಬಹುದು. ಆದ್ದರಿಂದ ಬಳಸಿದ 9 ತುಂಡುಗಳನ್ನು ಬೇರೆಯೇ ಕವರಿನಲ್ಲಿಟ್ಟಿದ್ದೇನೆ, ಮೇಲಿನ ಗೇನ್ ಅಂಕಿಗಳಿಗೆ ಅವನ್ನು ಸೇರಿಸಿಲ್ಲ.

ನಮ್ಮ ಕಡೆ ಅಡಿಕೆ ಮಂಡಿಯಲ್ಲಿ ಚೀಲದ ಮೇಲೆ ರಾಶಿ ಇಡಿ ಎಂದು ಬರೆದು ಒಳಗೆ ಗೊರಬಲು ತುಂಬಿದರೆ ಆ ಚೀಲ ಅಂದೇ ಹಿಂದಕ್ಕೆ ಹೋಗುತ್ತದೆ. ಕಾನೂನೂ ಇದನ್ನೇ ಹೇಳುತ್ತದೆ. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮಿನ ಪ್ರಕಾರ ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು, ಮಾದರಿಗೆ ಹೊಂದಿದರಷ್ಟೇ ಸಾಲದು. ಮೇ ತಿಂಗಳಲ್ಲಿ ನೀವು ಮಾದರಿಯಾಗಿ ಕಳಿಸಿದ ಹತ್ತು ತುಂಡುಗಳು ಚೊಕ್ಕವಾಗಿದ್ದವು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನಮ್ಮ ಬೇಡಿಕೆ ಇಷ್ಟು. 3 ಮತ್ತು 4ನೇ ಪ್ಯಾಕೆಟ್ಟಿಗೆ ಬದಲಾಗಿ 200 ಬಿಸಿ547ಬಿ, ತಯಾರಕರ ಮೂಲ ಪ್ಯಾಕಿಂಗ್‌ನಲ್ಲೇ, ಲಾಟ್ ಸಂಖ್ಯೆ ಕಾಣುವಂತೆ, ಜುಲೈ 25ರೊಳಗೆ ನಮ್ಮ ಕೈಸೇರಬೇಕು. 28ರಿಂದ ಆಂತರಿಕ ಪ್ರಾಯೋಗಿಕ ಪರೀಕ್ಷೆ ಇದೆ, ಆ ದಿನ ಯಾವ ಮಗುವೂ ನನ್ನ ತಪ್ಪಿಗೆ ಅಂಕ ಕಳೆದುಕೊಳ್ಳಬಾರದು. ಎರಡೂ ಕಡೆಯ ಕೊರಿಯರ್ ಖರ್ಚು ನಿಮ್ಮದು. ಸರಿಯಾದ 300ರ ಬಾಬ್ತು ಜಿಎಸ್‌ಟಿ ಸೇರಿ 708 ರೂಪಾಯಿಯನ್ನು ಪಾವತಿಗೆ ಕಳಿಸಿದ್ದೇನೆ, ಉಳಿದ 472 ರೂಪಾಯಿ ಬದಲಿ ಸರಕು ಬಂದು ಪರೀಕ್ಷೆಯಾದ ಮೇಲೆ. ತಾರೀಖಿನೊಳಗೆ ಆಗದಿದ್ದರೆ ಮೊದಲೇ ತಿಳಿಸಿ, ಶಿವಮೊಗ್ಗದಲ್ಲಿ ಕೊಂಡುಕೊಂಡು ಆ 472ಕ್ಕೆ ಕ್ರೆಡಿಟ್ ನೋಟ್ ಕೇಳುತ್ತೇವೆ.

4ನೇ ಪ್ಯಾಕೆಟ್ಟಿನ ಲಾಟಿನಿಂದ ಬೇರೆ ಕಾಲೇಜುಗಳಿಗೂ ಹೋಗಿದ್ದರೆ ದಯವಿಟ್ಟು ಇಂದೇ ಅವರಿಗೆ ಫೋನ್ ಮಾಡಿ. ಬದಲಿ ಸರಕು ಒಂದೆರಡು ದಿನ ತಡವಾದರೂ ನಾವು ಹೇಗೋ ಸಂಭಾಳಿಸಿಕೊಳ್ಳುತ್ತೇವೆ. ಈ ಫೋನ್ ತಡವಾಗಬಾರದು. ನಮ್ಮಲ್ಲಿ ಆದದ್ದು ಇನ್ನೊಂದು ಲ್ಯಾಬಿನಲ್ಲಿ ಇನ್ನೊಂದು ಮಗುವಿಗೆ ಆಗುವುದು ಬೇಡ.

ಏಳನೇ ಟೇಬಲಿನ ವಿದ್ಯಾರ್ಥಿನಿಗೆ ಕಳೆದ ಶನಿವಾರ ಎಲ್ಲರೆದುರೇ ಕ್ಷಮೆ ಕೇಳಿ, ರೆಕಾರ್ಡಿನ ಆ ಪುಟಕ್ಕೆ ಪೂರ್ಣ ಅಂಕ ಕೊಟ್ಟು ಸಹಿ ಹಾಕಿದ್ದೇನೆ. ಅವಳ ಅಂಕಿಗಳಿರುವ ಪುಟದ ಪ್ರತಿಯನ್ನೂ ಇದರೊಂದಿಗೆ ಕಳಿಸುತ್ತಿದ್ದೇನೆ, ನಿಮ್ಮಲ್ಲಿ ಸರಕು ನೋಡಿಕೊಳ್ಳುವವರಿಗೆ ತೋರಿಸಿ.

ಎರಡೂ ಪ್ಯಾಕೆಟ್‌ಗಳಿಂದ ಇಪ್ಪತ್ತಿಪ್ಪತ್ತು ತುಂಡು ಸೀಲ್ ಮಾಡಿ ನಮ್ಮಲ್ಲಿಟ್ಟುಕೊಂಡಿದ್ದೇವೆ. ಉಳಿದವನ್ನು ನಿಮ್ಮ ಲಿಖಿತ ಉತ್ತರ ಬಂದ ಕೂಡಲೇ ಕಳಿಸುತ್ತೇವೆ.

ಇತಿ,
ತಮ್ಮ ವಿಶ್ವಾಸಿ,
(ಸಹಿ)
ಪ್ರಯೋಗಾಲಯದ ಉಸ್ತುವಾರಿ, ಎಲೆಕ್ಟ್ರಾನಿಕ್ಸ್ ವಿಭಾಗ

ಅಡಕ: ಬಿಲ್ಲಿನ ಪ್ರತಿ, ಐನೂರು ತುಂಡುಗಳ ಪರೀಕ್ಷಾ ಪಟ್ಟಿ, ಲೆನ್ಸಿನಲ್ಲಿ ತೆಗೆದ ಆರು ಫೋಟೋ, ರೆಕಾರ್ಡ್ ಪುಸ್ತಕದ ಒಂದು ಪುಟದ ಪ್ರತಿ, ಬಣ್ಣ ಹತ್ತಿದ ಹತ್ತಿ ಮತ್ತು 4ನೇ ಪ್ಯಾಕೆಟ್ಟಿನ ಐದು ತುಂಡು, ಕವರಿನಲ್ಲಿ.

ಪ್ರತಿ: ಪ್ರಾಂಶುಪಾಲರಿಗೆ ಮತ್ತು ಲೆಕ್ಕಪತ್ರ ವಿಭಾಗಕ್ಕೆ, ಮಾಹಿತಿಗಾಗಿ.