ಎರಡು ಮೊಳ ಹೂವು

ನಮ್ಮ ಮದುವೆ ಆಗಿದ್ದು ಕಾರ್ತಿಕದಲ್ಲಿ, ತಿಪಟೂರಿನ ಒಂದು ಛತ್ರದಲ್ಲಿ. ಅದಕ್ಕೆ ಮುಂಚೆ ಸುಮಾಳನ್ನು ನಾನು ನೋಡಿದ್ದು ಮೂರೇ ಸಲ. ಫೋನಿನಲ್ಲಿ ಎಷ್ಟು ಮಾತಾಡಿದ್ದರೂ ಇಬ್ಬರೂ ‘ನೀವು’ ಬಿಟ್ಟಿರಲಿಲ್ಲ.

ಮೊದಲ ರಾತ್ರಿ ಅವಳ ಅಪ್ಪನ ಮನೆಯಲ್ಲಿ. ಮಂಚದ ತುಂಬ ಹೂವು, ಬೆಳ್ಳಿ ಲೋಟದಲ್ಲಿ ಹಾಲು, ಬಾಗಿಲಾಚೆ ಹೆಂಗಸರ ನಗು. ಅವತ್ತು ಏನೂ ಆಗಲಿಲ್ಲ. ಮನಸ್ಸಿಗೆ ಬೇಕಿತ್ತು, ಮೈ ಕೇಳಲಿಲ್ಲ. “ಎರಡು ದಿನದಿಂದ ನಿದ್ದೆ ಇಲ್ಲ, ಸುಸ್ತು” ಅಂದೆ. “ಮಲ್ಕೊಳ್ಳಿ” ಅಂದಳು. ಸುಸ್ತು ಅನ್ನೋದು ಅವತ್ತಿನ ಮಟ್ಟಿಗೆ ನಿಜವೇ.

ಬೆಂಗಳೂರಿಗೆ ಬಂದೆವು. ಹನುಮಂತನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ನಾವಿಬ್ಬರೇ. ಇನ್ನು ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ಎರಡನೇ ಸಲವೂ ಹಾಗೇ ಆಯಿತು, ಮೂರನೇ ಸಲವೂ. ಆಮೇಲಂತೂ ಅವಳ ಪಕ್ಕ ಮಲಗುವ ಮುಂಚೆಯೇ ಎದೆ ಹೊಡೆದುಕೊಳ್ಳುತ್ತಿತ್ತು. ಅವಳ ಕೈ ಹಿಡಿದಿರುತ್ತಿದ್ದೆ, ಆದರೆ ಗಮನವೆಲ್ಲ ನನ್ನ ಮೈ ಮೇಲೆ. ಇವತ್ತು ಆಗುತ್ತಾ? ಇವತ್ತೂ ಆಗದಿದ್ದರೆ? ಆ ಪ್ರಶ್ನೆ ತಲೆಗೆ ಬಂದ ಕ್ಷಣವೇ ಇದ್ದಬದ್ದ ಆಸೆಯೂ ಇಳಿದುಹೋಗುತ್ತಿತ್ತು.

ಆಫೀಸ್ ಕೆಲಸದ ನೆಪ ಹುಡುಕಿದೆ. ಹಾಲ್‌ನಲ್ಲಿ ಲ್ಯಾಪ್‌ಟಾಪ್ ತೆರೆದು ಹನ್ನೆರಡರವರೆಗೂ ಕೂರುತ್ತಿದ್ದೆ, ಅವಳಿಗೆ ನಿದ್ದೆ ಬಂತು ಅಂತ ಖಾತ್ರಿಯಾದ ಮೇಲೆ ಒಳಗೆ ಹೋಗುತ್ತಿದ್ದೆ. ಒಂದು ಸಂಜೆ ಮೆಡಿಕಲ್ ಶಾಪ್ ಮುಂದೆ ಹತ್ತು ನಿಮಿಷ ನಿಂತೆ. ಬೇಕಾದ ಮಾತ್ರೆಯ ಹೆಸರು ಬಾಯಿಗೆ ಬರಲಿಲ್ಲ. ಬಸ್ ಸ್ಟಾಪಿನ ಗೋಡೆ ಮೇಲೆ ‘ಪುರುಷತ್ವ’ ಅಂತ ದಪ್ಪಕ್ಷರದಲ್ಲಿ ಬರೆದ ಪೋಸ್ಟರು ಇತ್ತು. ಅದರ ನಂಬರನ್ನು ಎರಡು ಸಲ ಒತ್ತಿ ಅಳಿಸಿದೆ. ಇಂಥ ಪೋಸ್ಟರುಗಳು ಬದುಕಿರುವುದೇ ನನ್ನಂಥವರು ಬಾಯಿ ಬಿಡದೆ ಇರುವುದರಿಂದ ಅಂತ ಈಗ ನನಗೆ ಅನ್ನಿಸುತ್ತದೆ.

ಒಂದು ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ಆಫೀಸಿಂದ ಬರುವಾಗ ಗಾಂಧಿಬಜಾರಿನಲ್ಲಿ ಒಂದು ಮೊಳ ಹೂವು ತರುತ್ತಿದ್ದೆ. ಚಳಿಗಾಲ, ಮಲ್ಲಿಗೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಕಾಕಡವೋ ಕನಕಾಂಬರವೋ ತಂದರೆ ಸುಮಾ ಕನ್ನಡಿ ಮುಂದೆ ನಿಂತು ಮುಡಿಯುತ್ತಿದ್ದಳು. ಡಿಸೆಂಬರಿನ ಒಂದು ಸಂಜೆ ಎಲೆ ಪೊಟ್ಟಣ ಕೊಟ್ಟೆ. ದಾರ ಬಿಚ್ಚಿದಳು, ಹೂವನ್ನು ಒಮ್ಮೆ ನೋಡಿದಳು, ಪೂರ್ತಿ ಒಂದು ಮೊಳವನ್ನೂ ದೇವರ ಫೋಟೋಗೆ ಹಾಕಿಬಿಟ್ಟಳು. ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಅನ್ನಕ್ಕೆ ಇಟ್ಟಳು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿಯವರೆಗೆ ಇದು ನನ್ನೊಬ್ಬನ ಕಷ್ಟ ಅಂತಲೇ ಅಂದುಕೊಂಡಿದ್ದೆ.

ಮಾರನೇ ದಿನ ಭಾನುವಾರ. ಅವರೆಕಾಯಿ ಕಾಲ, ಅತ್ತೆ ಊರಿಂದ ಒಂದು ಚೀಲ ಕಳಿಸಿದ್ದರು. ರಾತ್ರಿಯೇ ನೆನೆಸಿಟ್ಟ ಕಾಳನ್ನು ಮುಂದಿಟ್ಟುಕೊಂಡು ಸುಮಾ ನೆಲದ ಮೇಲೆ ಕೂತು ಹಿತಕುತ್ತಿದ್ದಳು. ನಾನೂ ಎದುರಿಗೆ ಕೂತೆ. ಎರಡು ಬೆರಳ ಮಧ್ಯೆ ಹಿಡಿದು ಮೆಲ್ಲಗೆ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಬೆರಳಿಗೆ ಅಂಟಿಕೊಳ್ಳುತ್ತದೆ. ಮುಖ ನೋಡಬೇಕಾಗಿಲ್ಲ ಅನ್ನೋದೇ ನನಗೆ ಧೈರ್ಯ ಕೊಟ್ಟಿತು.

“ಸುಮಾ, ಒಂದು ವಿಷಯ ಹೇಳಬೇಕು.”

“ಹೇಳಿ.”

“ರಾತ್ರಿ ನನಗೆ ಆಫೀಸ್ ಕೆಲಸ ಏನೂ ಇರಲ್ಲ. ಸುಮ್ನೆ ಕೂತಿರ್ತೀನಿ. ನಿಮ್ಮ ಹತ್ತಿರ ಬರೋಕೆ ಭಯ ಆಗುತ್ತೆ. ಆಗಲ್ವೇನೋ ಅಂತ ಭಯ. ಆ ಭಯಕ್ಕೇ ಆಗ್ತಿಲ್ಲ.”

ಅವಳ ಕೈ ನಿಂತಿತು. ಕೈಯಲ್ಲಿದ್ದ ಕಾಳು ಹಾಗೇ ಇತ್ತು.

“ನಾನು ಇಷ್ಟ ಇಲ್ಲ ಅಂತಲ್ವಾ?” ಅಂದಳು.

“ಅಯ್ಯೋ, ಇಲ್ಲ.”

“ಮನೆಯವರ ಬಲವಂತಕ್ಕೆ ಒಪ್ಕೊಂಡ್ರೇನೋ ಅಂದ್ಕೊಂಡಿದ್ದೆ. ಬೇರೆ ಯಾರಾದ್ರೂ ಇದ್ದಾರೇನೋ ಅಂತಲೂ... ಅಮ್ಮನಿಗೆ ಫೋನ್ ಮಾಡಿ ಏನೂ ಹೇಳೋಕೆ ಆಗದೆ ಎಷ್ಟು ಸಲ ಇಟ್ಟಿದ್ದೀನಿ ಗೊತ್ತಾ?” ಅವಳ ಕಣ್ಣಲ್ಲಿ ನೀರು. ಒರೆಸಿಕೊಳ್ಳೋಣ ಅಂದರೆ ಬೆರಳ ತುಂಬ ಅವರೆ ಸೊಗಡು. ನಾನೇ ಅಂಗಿಯ ತೋಳಿನಿಂದ ಒರೆಸಿದೆ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಅಂದಳು, “ನನಗೂ ಭಯ ಇತ್ತು ರೀ. ನೋವಾಗುತ್ತೆ ಅಂತ ಯಾರೋ ಹೇಳಿದ್ರು. ನೀವು ಸುಸ್ತು ಅಂದಾಗ ಒಂದೊಂದ್ಸಲ ಸಮಾಧಾನ ಆಗ್ತಿತ್ತು.”

ಮಧ್ಯಾಹ್ನ ಹಿತಕಿದ ಬೇಳೆ ಸಾರು. ಎರಡು ಸಲ ಬಡಿಸಿಕೊಂಡೆ.

ಡಾಕ್ಟರ ಹತ್ತಿರ ಹೋಗೋಣ ಅಂದಿದ್ದು ಅವಳೇ. ಜಯನಗರದಲ್ಲಿ ಒಬ್ಬರನ್ನು ಹುಡುಕಿದ್ದೂ ಅವಳೇ. ವಯಸ್ಸಾದ ಡಾಕ್ಟರು, ಆತುರವಿಲ್ಲದ ಮನುಷ್ಯ. ಬಿಪಿ ನೋಡಿದರು, ಸಕ್ಕರೆ ಪರೀಕ್ಷೆ ಬರೆದುಕೊಟ್ಟರು, ಸಿಗರೇಟು ಕುಡಿತ ವಿಚಾರಿಸಿದರು. ಬೆಳಿಗ್ಗೆ ಏಳುವಾಗ ಗಡುಸಾಗಿರುತ್ತಾ ಅಂತ ಕೇಳಿದರು. ಹೌದು ಅಂದೆ. “ಹಾಗಾದ್ರೆ ನರ, ರಕ್ತದ ಓಟ ಬಹುಮಟ್ಟಿಗೆ ಚೆನ್ನಾಗೇ ಇದೆ ಅಂತ ಲೆಕ್ಕ” ಅಂದರು. “ನಾಯಿ ಅಟ್ಟಿಸಿಕೊಂಡು ಬಂದ್ರೆ ಎದೆ ಹೊಡ್ಕೊಳ್ಳುತ್ತೆ, ರಕ್ತ ಕೈಕಾಲಿಗೆ ಓಡುತ್ತೆ ಅಲ್ವಾ? ನಿಮ್ಮ ಮೈಗೆ ಮಂಚವೇ ನಾಯಿ ಆಗಿಬಿಟ್ಟಿದೆ. ಹೆದರಿದಾಗ ಅಲ್ಲಿಯ ರಕ್ತನಾಳ ಬಿಗಿಯುತ್ತೆ. ಬೇಕು ಅಂತ ಹಟ ಮಾಡಿದಷ್ಟೂ ಜಾಸ್ತಿ ಬಿಗಿಯುತ್ತೆ.”

ಮಾತ್ರೆ ಬೇಕಾದರೆ ಆಮೇಲೆ ನೋಡೋಣ, ಅಂಗಡಿಯಲ್ಲಿ ಕೇಳಿ ತಗೋಬೇಡಿ, ಹೃದಯದ ಕೆಲವು ಔಷಧಿ ಜೊತೆ ಸೇರಿದರೆ ಬಿಪಿ ಅಪಾಯದ ಮಟ್ಟಕ್ಕೆ ಇಳಿಯುತ್ತದೆ ಅಂದರು. ಆಮೇಲೆ ನಾವು ಎಣಿಸದೇ ಇದ್ದ ಮಾತು ಹೇಳಿದರು. ಕೆಲವು ವಾರ ಅದನ್ನು ಪೂರ್ತಿ ಬಿಟ್ಟುಬಿಡಿ. ಬರೀ ಮುಟ್ಟಿ, ಮಾತಾಡಿ, ಅಷ್ಟೇ. ಮುಂದಕ್ಕೆ ಹೋಗಬೇಕು ಅನ್ನಿಸಿದರೂ ಹೋಗಬೇಡಿ. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಅನ್ನುವ ಇಬ್ಬರು ರೂಪಿಸಿ, 1970ರಲ್ಲಿ ಬರೆದಿಟ್ಟ ದಾರಿಯಂತೆ ಅದು.

ಆಗಲೇಬೇಕು ಅನ್ನೋದು ಹೋದ ಮೇಲೆ ಎಷ್ಟು ಹಗುರ! ಲ್ಯಾಪ್‌ಟಾಪ್ ಹತ್ತಕ್ಕೇ ಮುಚ್ಚತೊಡಗಿದೆ. ಅವಳ ಪಾದ ಒತ್ತುತ್ತಿದ್ದೆ. ನನ್ನ ಎಡಭುಜದ ಹಿಂದೆ ಒಂದು ಮಚ್ಚೆ ಇದೆ ಅಂತ ನನಗೆ ಗೊತ್ತಾಗಿದ್ದು ಅವಳಿಂದ. ಹೀಗೆ ಮುಟ್ಟಿದರೆ ಕಚಗುಳಿ, ಹೀಗೆ ಬೇಡ, ಹೀಗೆ ಚೆನ್ನಾಗಿದೆ ಅಂತ ಹೇಳಲು ಇಬ್ಬರೂ ಕಲಿತೆವು. ಇದನ್ನು ಬಾಯಿಬಿಟ್ಟು ಹೇಳಬಹುದು ಅಂತಲೇ ನಮಗೆ ಗೊತ್ತಿರಲಿಲ್ಲ.

ಫೆಬ್ರವರಿಯಲ್ಲಿ ಒಮ್ಮೆ ಪ್ರಯತ್ನಿಸಿದೆವು. ನಡುವೆಯೇ ಹಳೇ ಭಯ ಬಂತು, ನಿಂತುಹೋಯಿತು. ಮುಂಚಿನ ಹಾಗೆ ಗೋಡೆ ಕಡೆ ತಿರುಗಲಿಲ್ಲ. “ಭಯ ಬಂತು” ಅಂತ ಹೇಳಿದೆ. ಅವಳು ನನ್ನ ತಲೆಯನ್ನು ಹೆಗಲಿಗೆ ಎಳೆದುಕೊಂಡು, “ಬರಲಿ ಬಿಡಿ, ಹೋಗುತ್ತೆ” ಅಂದಳು. ಬೆಳಿಗ್ಗೆ ಬೇಗ ಎದ್ದು ಲಾಲ್‌ಬಾಗ್‌ನಲ್ಲಿ ಸುತ್ತಿ, ಮಸಾಲೆದೋಸೆ ತಿಂದು ಬಂದೆವು.

ಏಪ್ರಿಲಿನಲ್ಲಿ ಒಂದು ಸಂಜೆ ಮಳೆ ಸುರಿಯಿತು, ಕರೆಂಟು ಹೋಯಿತು. ಮೇಣದಬತ್ತಿ ಹುಡುಕಲು ಇಬ್ಬರೂ ಎದ್ದವರು, ಹುಡುಕುವುದನ್ನು ಬಿಟ್ಟೆವು. ಆಗುತ್ತಾ ಅಂತ ನಾನು ಕೇಳಿಕೊಳ್ಳಲೇ ಇಲ್ಲ. ಅವಳ ಜಡೆಯಿಂದ ಬರುತ್ತಿದ್ದ ಮಲ್ಲಿಗೆ ವಾಸನೆಯೊಂದೇ ನೆನಪು. ಕರೆಂಟು ವಾಪಸ್ ಬಂದಾಗ ಫ್ಯಾನು ತಿರುಗಿತು, ಪಕ್ಕದ ಮನೆಯ ಟಿವಿ ಮಾತಾಡಿತು. ಇಬ್ಬರೂ ನಕ್ಕೆವು.

ಬೆಳಿಗ್ಗೆ ದಿಂಬಿನ ಮೇಲೆಲ್ಲ ಬಾಡಿದ ಹೂವು. ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಹಾಕಿಕೊಳ್ಳುತ್ತ ಸುಮಾ ಅಂದಳು, “ಈಗ ಮಲ್ಲಿಗೆ ಅಗ್ಗ ಆಗಿದೆ ಅಲ್ವಾ? ಸಂಜೆ ಎರಡು ಮೊಳ ತಗೊಂಡ್ ಬಾ.”

‘ಬಾ’ ಅಂದಿದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ನಾನೂ ಹೇಳಲಿಲ್ಲ.