ಕಸ್ತೂರಿರಂಗನ್ ವರದಿ: ಕೊಡಗಿನ ಅಧಿಕಾರಿಗಳಿಗೆ ಮುಖ್ಯ ಅಂಶಗಳು ಮತ್ತು ಶಿಫಾರಸುಗಳು

ಯಾರಿಗೆ: ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ಐದು ತಾಲ್ಲೂಕುಗಳ ತಹಶೀಲ್ದಾರರು, ಅರಣ್ಯ, ಗಣಿ ಮತ್ತು ಭೂವಿಜ್ಞಾನ, ಭೂದಾಖಲೆ ಇಲಾಖೆಗಳ ಜಿಲ್ಲಾ ಮುಖ್ಯಸ್ಥರು, ಗ್ರಾಮ ಪಂಚಾಯಿತಿ ಪಿಡಿಒಗಳು

ಎರಡೇ ನಿಮಿಷ ಇರುವವರಿಗೆ

ಪಶ್ಚಿಮ ಘಟ್ಟದ ಬಗ್ಗೆ ಕೆ. ಕಸ್ತೂರಿರಂಗನ್ ನೇತೃತ್ವದ ಉನ್ನತ ಮಟ್ಟದ ಕಾರ್ಯಪಡೆ 2013ರ ಏಪ್ರಿಲ್‌ನಲ್ಲಿ ಕೊಟ್ಟ ವರದಿ ದೊಡ್ಡ ಗಣಿ, ದೊಡ್ಡ ಕಟ್ಟಡ, ದೊಡ್ಡ ಕಾರ್ಖಾನೆಗಳನ್ನು ತಡೆಯುತ್ತದೆ. ತೋಟ ಮಾಡುವವರನ್ನು, ಗದ್ದೆ ಉಳುವವರನ್ನು, ಮನೆ ರಿಪೇರಿ ಮಾಡಿಸುವವರನ್ನು ಅದು ತಡೆಯುವುದಿಲ್ಲ. ಕೊಡಗಿನ ಜನರಿಗೆ ಇದನ್ನು ಕನ್ನಡದಲ್ಲಿ, ನಕ್ಷೆ ಇಟ್ಟುಕೊಂಡು ಸರಿಯಾಗಿ ಹೇಳಲಿಲ್ಲ. ಭಯ ಹುಟ್ಟಿದ್ದಕ್ಕೆ ಅರ್ಧ ಕಾರಣ ಇದೇ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. 2018ರ ಆಗಸ್ಟ್‌ನಲ್ಲಿ ನಮ್ಮ ಬೆಟ್ಟಗಳು ಜಾರಿದಾಗ ಕಂಡ ಅಪಾಯಕ್ಕೆ ಈ ವರದಿಯಲ್ಲಿ ಪೂರ್ತಿ ಉತ್ತರ ಇಲ್ಲ. ಬೆಟ್ಟದ ಬರೆ ಕಡಿದು ಕಟ್ಟುವ ಸಣ್ಣ ಕಟ್ಟಡಗಳು ವರದಿಯ ಮಿತಿಯ ಕೆಳಗೇ ಉಳಿಯುತ್ತವೆ. ಅದನ್ನು ತಡೆಯುವ ಅಧಿಕಾರ ಜಿಲ್ಲೆಯ ಕೈಯಲ್ಲೇ ಇದೆ. ದೆಹಲಿಯ ಅಧಿಸೂಚನೆಗೆ ಕಾಯಬೇಕಿಲ್ಲ.

ವರದಿ ಹೇಳುವುದೇನು

ಕಾರ್ಯಪಡೆ ಆರು ರಾಜ್ಯಗಳ ಪಶ್ಚಿಮ ಘಟ್ಟವನ್ನು ಉಪಗ್ರಹ ಚಿತ್ರದಿಂದ ಎರಡು ಭಾಗ ಮಾಡಿ ನೋಡಿತು. ಜನವಸತಿ, ಹೊಲ, ತೋಟ ಇರುವ ಭಾಗ ಸುಮಾರು ಶೇ 60. ಉಳಿದದ್ದು ಕಾಡು, ಹುಲ್ಲುಗಾವಲು, ಶೋಲಾ. ಈ ಉಳಿದ ಭಾಗದಲ್ಲಿ ಜೀವವೈವಿಧ್ಯ ಜಾಸ್ತಿ ಇರುವ, ಹೆಚ್ಚು ತುಂಡಾಗದೆ ಉಳಿದ ಜಾಗವನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದು ಗುರುತಿಸಿತು. ಇದು ಇಡೀ ಘಟ್ಟದ ಸುಮಾರು ಶೇ 37, ಅಂದರೆ 60,000 ಚದರ ಕಿ.ಮೀ.ಗೆ ಹತ್ತಿರ. ಇದಕ್ಕೂ ಮೊದಲು, 2011ರಲ್ಲಿ, ಮಾಧವ ಗಾಡ್ಗೀಳ್ ಸಮಿತಿ ಇಡೀ ಘಟ್ಟವನ್ನೇ ಮೂರು ಹಂತದ ವಲಯಗಳಾಗಿ ವಿಂಗಡಿಸಿತ್ತು. ಹೋಲಿಸಿದರೆ ಕಸ್ತೂರಿರಂಗನ್ ವರದಿ ಸಡಿಲ.

ಕೇಂದ್ರದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಇದೆ. ಗ್ರಾಮಗಳ ಲೆಕ್ಕದಲ್ಲಿ 1,576. ಇವುಗಳಲ್ಲಿ ಕೊಡಗಿನವು 55.

ಈ ಪ್ರದೇಶದಲ್ಲಿ ನಿಷೇಧ ಇರುವುದು ಇಷ್ಟಕ್ಕೆ: ಗಣಿಗಾರಿಕೆ, ಕಲ್ಲು ಕೋರೆ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗದ ಕಾರ್ಖಾನೆ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ, 50 ಹೆಕ್ಟೇರ್ ಮತ್ತು ಮೇಲ್ಪಟ್ಟ ಟೌನ್‌ಶಿಪ್. ಈಗಿರುವ ಗಣಿಗಳು ಐದು ವರ್ಷದೊಳಗೆ ಅಥವಾ ಗುತ್ತಿಗೆ ಮುಗಿಯುವಾಗ, ಯಾವುದು ಮೊದಲೋ ಆಗ, ನಿಲ್ಲಬೇಕು. ಜಲವಿದ್ಯುತ್ ಯೋಜನೆಗೆ ಅವಕಾಶ ಇದೆ, ಆದರೆ ನದಿಯಲ್ಲಿ ಕನಿಷ್ಠ ಶೇ 30 ಹರಿವು ಉಳಿಯಬೇಕು. ಕಾಡಿನ ಜಾಗವನ್ನು ಬೇರೆ ಕೆಲಸಕ್ಕೆ ಕೊಡುವ ಮೊದಲು ಗ್ರಾಮಸಭೆಯ ಒಪ್ಪಿಗೆ ಬೇಕು.

ಒಕ್ಕಲೆಬ್ಬಿಸುವ ಮಾತು ಇಲ್ಲ. ಜಮೀನು ಮಾರಲು, ಕೊಳ್ಳಲು ತಡೆ ಇಲ್ಲ. ಹಳೆಯ ಮನೆಯ ದುರಸ್ತಿಗೂ ತಡೆ ಇಲ್ಲ.

ಈಗ ಎಲ್ಲಿ ನಿಂತಿದೆ

ಮೊದಲ ಕರಡು ಅಧಿಸೂಚನೆ 2014ರ ಮಾರ್ಚ್‌ನಲ್ಲಿ ಬಂತು. ಅಂತಿಮ ಆಗದೆ ಅವಧಿ ಮುಗಿಯಿತು. ಹಾಗೇ ಮತ್ತೆ ಮತ್ತೆ ಹೊರಡಿಸಿ, ಆರನೇ ಕರಡು 2024ರ ಜುಲೈ 31ರಂದು ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು.

‘ಕರಡು ತಾನೇ, ಇನ್ನೂ ಕಾನೂನಲ್ಲ’ ಎಂದು ಕೈ ಕಟ್ಟಿ ಕೂರುವುದು ತಪ್ಪಾಗುತ್ತದೆ. ಪರಿಸರ ಸಂರಕ್ಷಣಾ ಕಾಯ್ದೆಯ 5ನೇ ಸೆಕ್ಷನ್ ಅಡಿ ಕೇಂದ್ರ 2013ರ ನವೆಂಬರ್ 13ರಂದು ಒಂದು ನಿರ್ದೇಶನ ಕೊಟ್ಟಿದೆ. ಮೇಲಿನ ನಿಷೇಧ ಪಟ್ಟಿಯ ಕೆಲಸಗಳನ್ನು ಗುರುತಿಸಿದ ಪ್ರದೇಶದಲ್ಲಿ ಹೊಸದಾಗಿ ಶುರು ಮಾಡುವುದನ್ನು, ವಿಸ್ತರಿಸುವುದನ್ನು ಅದು ಆಗಲೇ ತಡೆದಿದೆ. ಕಡತ ಕೈಗೆತ್ತಿಕೊಳ್ಳುವ ಪ್ರತಿಯೊಬ್ಬರೂ ಮೊದಲು ಆ ನಿರ್ದೇಶನ ಓದಬೇಕು. ಅದೇ ರೀತಿ, ಅದರಲ್ಲಿ ಇಲ್ಲದ್ದನ್ನು ಅದರ ಹೆಸರಲ್ಲಿ ತಡೆಯಲೂಬಾರದು.

ಕೊಡಗಿನಲ್ಲಿ ವರದಿ ಎಡವುವುದು ಎಲ್ಲಿ

ಮೊದಲನೆಯದು ನಕ್ಷೆ. ಕಾರ್ಯಪಡೆ ಬಳಸಿದ ಚಿತ್ರದ ಸೂಕ್ಷ್ಮತೆ 24 ಮೀಟರ್. ಇಡೀ ದೇಶಕ್ಕೆ ನೋಡುವಾಗ ಇದು ಸಾಕು. ಆದರೆ ನಮ್ಮ ಕಾಫಿ ತೋಟಗಳಲ್ಲಿ ನೆರಳಿನ ಮರ ಎಷ್ಟು ದಟ್ಟ ಅಂದರೆ ಮೇಲಿಂದ ನೋಡಿದರೆ ಕಾಡು ಯಾವುದು, ತೋಟ ಯಾವುದು ಹೇಳುವುದು ಕಷ್ಟ. ಅದರ ಮೇಲೆ, ಒಂದು ಗ್ರಾಮದ ಶೇ 20 ಭಾಗ ಸೂಕ್ಷ್ಮ ಎಂದು ಕಂಡರೆ ಇಡೀ ಗ್ರಾಮ ಪಟ್ಟಿಗೆ ಸೇರುತ್ತದೆ. ಕಾಡಿನ ಅಂಚಿನಲ್ಲಿರುವ ಗ್ರಾಮದ ಇನ್ನೊಂದು ತುದಿಯ ಗದ್ದೆ, ಅಂಗಡಿ ಬೀದಿ ಎಲ್ಲವೂ ಒಳಗೆ. ತಮ್ಮ ಅಜ್ಜಂದಿರು ಮರ ಉಳಿಸಿ ತೋಟ ಮಾಡಿದ್ದಕ್ಕೇ ಈಗ ದಂಡ ಕಟ್ಟಬೇಕಾ ಎಂದು ಬೆಳೆಗಾರರು ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ನ್ಯಾಯ ಇದೆ. ಅದಕ್ಕೆ ಘೋಷಣೆಯಿಂದ ಉತ್ತರ ಸಿಗುವುದಿಲ್ಲ, ಸರ್ವೆ ನಂಬರ್ ಹಿಡಿದು ಜಾಗಕ್ಕೆ ಹೋಗಿ ನೋಡಬೇಕು. ಕೇರಳ ಇದನ್ನು ಮಾಡಿತು. ಅಲ್ಲಿ 13,108 ಚದರ ಕಿ.ಮೀ. ಇದ್ದದ್ದು ಸ್ಥಳ ಪರಿಶೀಲನೆ ಆದಮೇಲೆ 9,993.7ಕ್ಕೆ ಇಳಿಯಿತು. ಕೇಂದ್ರದ ಕರಡಿನಲ್ಲೂ ಆ ಅಂಕಿಯೇ ಬಂತು. ಬರೀ ‘ಬೇಡ’ ಎಂದ ರಾಜ್ಯಕ್ಕಿಂತ ಅಳೆದು ತೋರಿಸಿದ ರಾಜ್ಯದ ಮಾತು ನಡೆಯಿತು.

ಎರಡನೆಯದು ಕಟ್ಟಡದ ಮಿತಿ. ಈ ಟಿಪ್ಪಣಿಯಲ್ಲಿ ನಿಮ್ಮ ಗಮನ ಬೇಡುವ ಜಾಗ ಇದು. 20,000 ಚದರ ಮೀಟರ್ ಅಂದರೆ ಸುಮಾರು 2.15 ಲಕ್ಷ ಚದರ ಅಡಿ. ಬೆಟ್ಟದ ಮೇಲೆ ಏಳುವ ಹೋಂಸ್ಟೇ, ಸಣ್ಣ ರೆಸಾರ್ಟ್, ವಿಲ್ಲಾಗಳು ಇದರ ಹತ್ತಿರವೂ ಬರುವುದಿಲ್ಲ. ಜೆಸಿಬಿ ತಂದು ಬರೆ ಕಡಿದು, ಮಣ್ಣನ್ನು ಕೆಳಗೆ ತಳ್ಳಿ, ಸಮ ಮಾಡಿದ ಜಾಗದಲ್ಲಿ ಎರಡು ಮಹಡಿ ಎತ್ತಿದರೆ ವರದಿ ಒಂದಕ್ಷರ ಹೇಳುವುದಿಲ್ಲ. ಆದರೆ ಬೆಟ್ಟ ಕಟ್ಟಡದ ಅಳತೆ ಕೇಳುವುದಿಲ್ಲ. ಬುಡ ಕಡಿದರೆ ಇಳಿಜಾರಿನ ಆಧಾರ ಹೋಗುತ್ತದೆ. ತಳ್ಳಿದ ಸಡಿಲ ಮಣ್ಣು ತೋಡಿನ ದಾರಿ ಮುಚ್ಚುತ್ತದೆ. ಮಳೆ ಎಡೆಬಿಡದೆ ಸುರಿದಾಗ ನೀರು ಹೊರಹೋಗಲು ಜಾಗ ಸಿಗದೆ ಮಣ್ಣಿನೊಳಗೇ ಒತ್ತಡ ಏರುತ್ತದೆ, ಮೇಲಿನ ಪದರ ಪೂರ್ತಿ ಜಾರುತ್ತದೆ. 2018ರಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು, ಮುಕ್ಕೋಡ್ಲು ಭಾಗದಲ್ಲಿ ಜನ ಮನೆ, ತೋಟ, ಜೀವ ಕಳೆದುಕೊಂಡರು. ಆಮೇಲೆ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಭಾರೀ ಮಳೆಯ ಜೊತೆಗೆ, ಮನುಷ್ಯರು ಇಳಿಜಾರನ್ನು ಬದಲಿಸಿದ್ದನ್ನೂ ಕಾರಣವಾಗಿ ಹೇಳಿತು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರು ವರ್ಷ ಸಾಲಾಗಿ ಆಗಸ್ಟ್‌ನಲ್ಲೇ.

ಆದ್ದರಿಂದ 55 ಗ್ರಾಮ ಪಟ್ಟಿಯಲ್ಲಿ ಇರಲಿ, ಬಿಡಲಿ, ಇಳಿಜಾರಿನ ನಿಯಮ ಇಡೀ ಜಿಲ್ಲೆಗೆ ಬೇಕು.

ಮೂರನೆಯದು ದುಡ್ಡು. ಘಟ್ಟ ಉಳಿಸುವವರಿಗೆ ಪ್ರತಿಫಲ ಕೊಡಬೇಕು, ಅದಕ್ಕೆ ಕೇಂದ್ರದಿಂದ ಹಣ ಬರಬೇಕು ಎಂದು ಕಾರ್ಯಪಡೆ ಸ್ಪಷ್ಟವಾಗಿ ಹೇಳಿದೆ. ವರದಿಯ ನಿಷೇಧಗಳು ನಿರ್ದೇಶನವಾಗಿ ಬಂದವು, ಪ್ರತಿಫಲದ ಭಾಗ ಹಿಂದೆ ಉಳಿಯಿತು. ಕಾವೇರಿ ಹುಟ್ಟುವ ಜಿಲ್ಲೆಗೆ ಇದು ಸಣ್ಣ ವಿಷಯ ಅಲ್ಲ. ಇಲ್ಲಿ ಊರಿನ ಮರ ಕಡಿಯಲು ಅನುಮತಿಗೆ ಅಲೆಯಬೇಕು, ಬಾಣೆ ಜಮೀನಿನಲ್ಲಿ ಮರದ ಹಕ್ಕಿನ ತಕರಾರು ಬೇರೆ. ಸಿಲ್ವರ್ ಓಕ್‌ಗೆ ಆ ರಗಳೆ ಇಲ್ಲ. ಹೀಗಿರುವಾಗ ಬೆಳೆಗಾರ ಹಲಸು, ನಂದಿ, ಬೀಟೆ ಬಿಟ್ಟು ಸಿಲ್ವರ್ ಓಕ್ ನೆಟ್ಟರೆ ಅವನನ್ನು ದೂರಿ ಏನು ಪ್ರಯೋಜನ?

ಶಿಫಾರಸುಗಳು

1. ಬರೆ ಕಡಿಯುವುದಕ್ಕೆ ಜಿಲ್ಲಾ ನಿಯಮ. ಇದು ಮೊದಲು ಆಗಬೇಕು, ಮುಂದಿನ ಮುಂಗಾರಿನ ಮೊದಲು. ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಅಡಿ ಭೂ ಪರಿವರ್ತನೆಗೆ ಬರುವ ಪ್ರತಿ ಕಡತದಲ್ಲೂ ಇಳಿಜಾರಿನ ಅಳತೆ, ನೀರು ಹರಿಯುವ ದಾರಿ, ಕಡಿದ ಮಣ್ಣು ಎಲ್ಲಿ ಹಾಕುತ್ತಾರೆ ಎಂಬ ಮೂರು ವಿಷಯ ಇರಲೇಬೇಕು. ಕಡಿದಾದ ಜಾಗಕ್ಕೆ ಭೂವಿಜ್ಞಾನಿಯ ಸ್ಥಳ ವರದಿ ಇಲ್ಲದೆ ಒಪ್ಪಿಗೆ ಬೇಡ. ವಿಪತ್ತು ನಿರ್ವಹಣಾ ಕಾಯ್ದೆ 2005ರ ಪ್ರಕಾರ ಅಪಾಯಕಾರಿ ಕಟ್ಟಡ ಕೆಲಸ ಪರಿಶೀಲಿಸಿ ಕ್ರಮಕ್ಕೆ ಸೂಚಿಸುವ ಅಧಿಕಾರ ಜಿಲ್ಲಾ ಪ್ರಾಧಿಕಾರಕ್ಕೆ ಇದೆ. ಜಿಲ್ಲಾಧಿಕಾರಿಯವರೇ ಅದರ ಅಧ್ಯಕ್ಷರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳಿಜಾರಿನಲ್ಲಿ ಜೆಸಿಬಿ ಕೆಲಸ ಪೂರ್ತಿ ನಿಲ್ಲಲಿ. ರಸ್ತೆ ಅಗಲ ಮಾಡುವ ಸರ್ಕಾರಿ ಕೆಲಸಕ್ಕೂ ಇದೇ ನಿಯಮ ಇರಲಿ. ಇಲ್ಲದಿದ್ದರೆ ಜನ ಯಾಕೆ ಕೇಳಬೇಕು?

2. 55 ಗ್ರಾಮಗಳ ಸ್ಥಳ ಪರಿಶೀಲನೆ. ಭೂದಾಖಲೆ, ಅರಣ್ಯ, ಕಂದಾಯ ಇಲಾಖೆಯವರು ಒಟ್ಟಿಗೆ ಹೋಗಬೇಕು, ಬೇರೆ ಬೇರೆ ಅಲ್ಲ. ಪಹಣಿ ಜೊತೆಗಿಟ್ಟು ಕಾಡು, ದೇವರಕಾಡು, ಪೈಸಾರಿ, ಬಾಣೆ, ತೋಟ, ಗದ್ದೆ ಪ್ರತ್ಯೇಕವಾಗಿ ಗುರುತಿಸಬೇಕು. ಗ್ರಾಮದ ಗಡಿಯ ಬದಲು ಸರ್ವೆ ನಂಬರ್ ಗಡಿ ಬಳಸಿ ಎಂದು ರಾಜ್ಯದ ಮೂಲಕ ಕೇಂದ್ರಕ್ಕೆ ಕೇಳಲು ಈ ದಾಖಲೆಯೇ ಬಲ. ಸಂಪುಟದ ತಿರಸ್ಕಾರ ಇದಕ್ಕೆ ಅಡ್ಡಿ ಅಲ್ಲ. ನಾಳೆ ಮಾತುಕತೆ ಆದರೂ, ಕೋರ್ಟ್‌ಗೆ ಹೋದರೂ ಬೇಕಾಗುವುದು ಇದೇ.

3. ಕನ್ನಡದಲ್ಲಿ ಗ್ರಾಮಸಭೆ. ಪ್ರತಿ ಗ್ರಾಮಕ್ಕೆ ಒಂದು ಹಾಳೆ, ಒಂದು ನಕ್ಷೆ. ಯಾವುದಕ್ಕೆ ತಡೆ, ಯಾವುದಕ್ಕೆ ಇಲ್ಲ, ಅಷ್ಟೇ. ಜನ ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ: ಪಲ್ಪರ್ ಹಾಕಿದರೆ ಕೆಂಪು ವರ್ಗಕ್ಕೆ ಬರುತ್ತೇವಾ, ಬ್ಯಾಂಕ್ ಸಾಲ ನಿಲ್ಲುತ್ತಾ, ಕೆರೆ ತೋಡಬಹುದಾ, ಲೈನ್ ಮನೆ ಕಟ್ಟಬಹುದಾ. ಪಲ್ಪರ್ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಮೊದಲೇ ಲಿಖಿತ ಉತ್ತರ ತರಿಸಿಕೊಳ್ಳಿ. ಹಾಡಿಗಳ ಜೇನುಕುರುಬ, ಯರವ ಕುಟುಂಬಗಳಿಗೆ ಹಾಡಿಯಲ್ಲೇ ಸಭೆ ನಡೆಸಿ. ಪಂಚಾಯಿತಿ ಕಚೇರಿಗೆ ಕರೆದರೆ ಕೂಲಿ ಬಿಟ್ಟು ಬರುವುದು ಅವರಿಗೆ ಆಗುವುದಿಲ್ಲ. ಅಭಯಾರಣ್ಯಗಳ ಸುತ್ತಲಿನ ಸೂಕ್ಷ್ಮ ವಲಯಕ್ಕೆ ಬೇರೆ ಅಧಿಸೂಚನೆ, ಬೇರೆ ನಿಯಮ. ಎರಡನ್ನೂ ಸೇರಿಸಿ ಮಾತಾಡಿದರೆ ಗೊಂದಲ ಇನ್ನೂ ಜಾಸ್ತಿ ಆಗುತ್ತದೆ.

4. ಕೋರೆಗಳ ಪಟ್ಟಿ. 55 ಗ್ರಾಮಗಳಲ್ಲಿ ಯಾವ ಗುತ್ತಿಗೆ ಯಾವಾಗ ಮುಗಿಯುತ್ತದೆ ಎಂದು ಗಣಿ ಇಲಾಖೆ ಪಟ್ಟಿ ಮಾಡಿ ಪಂಚಾಯಿತಿಗಳಲ್ಲಿ ಅಂಟಿಸಲಿ. ಹೊಸದು ಬೇಡ, ನವೀಕರಣವೂ ಬೇಡ. ಸ್ಥಳೀಯ ಮನೆಗಳಿಗೆ ಕಲ್ಲು, ಮರಳು ಎಲ್ಲಿಂದ ಬರಬೇಕು ಎಂಬ ವ್ಯವಸ್ಥೆಯೂ ಅದೇ ಪಟ್ಟಿಯ ಜೊತೆ ಇರಲಿ. ಬಡವನ ಮನೆ ಅರ್ಧಕ್ಕೆ ನಿಂತರೆ ಅಕ್ರಮ ಸಾಗಾಟ ಬೆಳೆಯುತ್ತದೆ.

5. ನೆರಳಿನ ಮರಕ್ಕೆ ಪ್ರತಿಫಲ. ಊರಿನ ಜಾತಿಯ ಮರ ಉಳಿಸಿಕೊಂಡ ತೋಟಕ್ಕೆ ಎಕರೆ ಲೆಕ್ಕದಲ್ಲಿ ನೆರವು ಕೊಡುವ ಪ್ರಸ್ತಾವವನ್ನು ಕಾಫಿ ಮಂಡಳಿ, ಅರಣ್ಯ ಇಲಾಖೆ ಸೇರಿ ತಯಾರಿಸಿ ಸರ್ಕಾರಕ್ಕೆ ಕಳಿಸಲಿ. ಸಣ್ಣ ಬೆಳೆಗಾರರಿಂದ ಶುರು ಆಗಲಿ. ವರದಿಯಲ್ಲೇ ಇರುವ ಮಾತಾದ್ದರಿಂದ ಕೇಳಲು ನಮಗೆ ಆಧಾರ ಇದೆ.

6. ಬಾಯಿಮಾತಿನ ನಿರಾಕರಣೆ ನಿಲ್ಲಬೇಕು. ‘ನಿಮ್ಮ ಗ್ರಾಮ ಕಸ್ತೂರಿರಂಗನ್‌ನಲ್ಲಿದೆ, ಆಗಲ್ಲ’ ಎಂದು ಅರ್ಜಿ ವಾಪಸ್ ಕಳಿಸುವುದು ಸರಿಯಲ್ಲ. ತಡೆ ಇದ್ದರೆ ಯಾವ ಆದೇಶ, ಯಾವ ಅಂಶ ಎಂದು ಬರೆದು ಸಹಿ ಹಾಕಿ ಕೊಡಬೇಕು. ಹಾಗೆ ಬರೆಯಲು ಆಗದಿದ್ದರೆ ಅರ್ಜಿ ಮುಂದೆ ಹೋಗಬೇಕು. ಈ ಬಗ್ಗೆ ಜಿಲ್ಲಾಧಿಕಾರಿಯವರ ಸುತ್ತೋಲೆ ಇದೇ ತಿಂಗಳು ಎಲ್ಲ ತಾಲ್ಲೂಕು ಕಚೇರಿ, ನಾಡಕಚೇರಿ, ಪಂಚಾಯಿತಿಗಳಿಗೆ ಹೋಗಲಿ.