ಎದೆಯುರಿ ಮತ್ತು ಮೋಷನ್ ತೊಂದರೆ ಬಗ್ಗೆ

ಡಾಕ್ಟರಿಗೆ ನಮಸ್ಕಾರ,

ನನಗೆ 31 ವರ್ಷ. ಹೆಬ್ಬಾಳದಲ್ಲಿ ಸಾಫ್ಟ್‌ವೇರ್ ಕೆಲಸ. 9ಕ್ಕೇ ಮೀಟಿಂಗ್, ಹಾಗಾಗಿ ತಿಂಡಿ ತಪ್ಪುತ್ತದೆ. ಮಧ್ಯಾಹ್ನದ ಊಟ 4 ಗಂಟೆಗೆ, ಕೆಲವು ದಿನ ಅದೂ ಇಲ್ಲ. ಕಾಫಿ ಮಾತ್ರ ಐದಾರು ಲೋಟ.

ಮೂರು ತಿಂಗಳಿಂದ ಎದೆಯುರಿ. ರಾತ್ರಿ 11ಕ್ಕೆ ಉಂಡು ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತದೆ. ಎದ್ದು ಗೋಡೆಗೆ ಒರಗಿ ಕೂರುತ್ತೇನೆ. ಮೋಷನ್ ಎರಡು ಮೂರು ದಿನ ಆಗುವುದೇ ಇಲ್ಲ, ಆಮೇಲೆ ಒಂದೇ ದಿನ ಮೂರು ಸಲ ತೆಳ್ಳಗೆ. ರಕ್ತ ಬಂದಿಲ್ಲ, ತೂಕ ಇಳಿದಿಲ್ಲ.

ಮೆಡಿಕಲ್‌ನಿಂದ ಪ್ಯಾಂಟೊಪ್ರಜೋಲ್ 40 ತಂದು ಎರಡು ವಾರ ನುಂಗಿದೆ. ಬಿಟ್ಟ ಕೂಡಲೇ ಉರಿ ಮತ್ತೆ ಶುರುವಾಯಿತು. ಸುಮ್ನೆ ನುಂಗುತ್ತಾ ಹೋಗಲು ಭಯ. ಅಪ್ಪನಿಗೂ ಅಲ್ಸರ್ ಇತ್ತು. ಎಂಡೋಸ್ಕೋಪಿ ಬೇಕಾಗುತ್ತದಾ? ಶನಿವಾರ ಬೆಳಿಗ್ಗೆ ಬರುತ್ತೇನೆ. ಖಾಲಿ ಹೊಟ್ಟೆಯಲ್ಲಿ ಬರಬೇಕಾ, ದಯವಿಟ್ಟು ತಿಳಿಸಿ.

ಇಂತಿ,
ನಿಮ್ಮ ಪೇಷಂಟ್, ಕುವೆಂಪುನಗರ, ಮೈಸೂರು